ನಿಯೋಜಿತ ಕಾರ್ಯ: ಮೊದಲ ಬಾರಿ ಮತದಾರರ ಜಾಗೃತಿ ಮತ್ತು ಯುವಜನರ ನಾಗರಿಕ ಪಾಲ್ಗೊಳ್ಳುವಿಕೆ

ರಾಜ್ಯಶಾಸ್ತ್ರ ವಿಭಾಗ ಮತ್ತು ಚುನಾವಣಾ ಸಾಕ್ಷರತಾ ಕ್ಲಬ್, ಪದವಿ ಕಾಲೇಜು, ತೀರ್ಥಹಳ್ಳಿ
ತರಗತಿ: ಬಿ.ಎ. ಮೂರನೇ ಸೆಮಿಸ್ಟರ್
ಒಟ್ಟು ಅಂಕ: 25. ತಂಡಕ್ಕೆ ಐವರು.
ಕೊಟ್ಟ ದಿನ: 17 ನವೆಂಬರ್ 2025. ಒಪ್ಪಿಸುವ ದಿನ: 24 ಜನವರಿ 2026, ಶನಿವಾರ, ಮಧ್ಯಾಹ್ನ 1 ಗಂಟೆಯೊಳಗೆ.

ಜನವರಿ 25 ರಾಷ್ಟ್ರೀಯ ಮತದಾರರ ದಿನ. 1950ರಲ್ಲಿ ಚುನಾವಣಾ ಆಯೋಗ ಹುಟ್ಟಿದ ದಿನವಾದ್ದರಿಂದ 2011ರಿಂದ ಅದನ್ನು ಆಚರಿಸುತ್ತಿದ್ದೇವೆ. ಆ ದಿನ ಜಾಥಾ, ಮಾನವ ಸರಪಳಿ, ರಂಗೋಲಿ ಸ್ಪರ್ಧೆ ಎಲ್ಲ ಆಗುತ್ತದೆ. ಈ ಕಾರ್ಯದಲ್ಲಿ ಅವಕ್ಕೆ ಅಂಕವಿಲ್ಲ. ರಂಗೋಲಿ ಬಿಡಿಸಿದವರ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಬಣ್ಣ ಯಾರಿಗೆ ಬೇಕು? ಮತದಾರರ ಪಟ್ಟಿಯಲ್ಲಿ ಹೊಸದಾಗಿ ಸೇರಿದ ಹೆಸರು, ಮತಗಟ್ಟೆಯಲ್ಲಿ ತಡವರಿಸದೆ ಮತ ಹಾಕಬಲ್ಲ ಹುಡುಗ ಹುಡುಗಿಯರು, ಗ್ರಾಮಸಭೆಯಲ್ಲಿ ಎದ್ದು ಕೇಳಿದ ಒಂದು ಪ್ರಶ್ನೆ, ಈ ಮೂರನ್ನಷ್ಟೇ ಎಣಿಸುತ್ತೇವೆ.

ಭಾಗ 1: ಹೆಸರು ಸೇರಿಸುವುದು (12 ಅಂಕ)

1988ರ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅರ್ಹತಾ ದಿನಾಂಕದ ಲೆಕ್ಕ. ಮೊದಲು ವರ್ಷಕ್ಕೆ ಜನವರಿ 1 ಒಂದೇ ಇತ್ತು. 2022ರ ಆಗಸ್ಟ್‌ನಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕಾಗಿವೆ. 1 ಏಪ್ರಿಲ್ 2008ರಂದು ಹುಟ್ಟಿದವರು 1 ಏಪ್ರಿಲ್ 2026ಕ್ಕೆ ಅರ್ಹರು. ಒಂದೇ ದಿನ ತಡವಾಗಿ, ಏಪ್ರಿಲ್ 2ರಂದು ಹುಟ್ಟಿದ ತಂಗಿ ಜುಲೈ 1ರವರೆಗೆ ಕಾಯಬೇಕು. ಹದಿನೇಳು ತುಂಬಿದವರು ಮುಂಚಿತವಾಗಿ ಅರ್ಜಿ ಕೊಡಬಹುದು, ಆದರೆ ಅರ್ಹತಾ ದಿನ ಬರುವವರೆಗೆ ಹೆಸರು ಪಟ್ಟಿಗೆ ಏರುವುದಿಲ್ಲ. ಅರ್ಜಿ ಕೊಟ್ಟ ಮರುವಾರವೇ "ಇನ್ನೂ ಬಂದಿಲ್ಲ" ಎಂದು ಫೋನ್ ಮಾಡುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಪ್ರತಿ ತಂಡವೂ ಕನಿಷ್ಠ 15 ಅರ್ಜಿಗಳಿಗೆ ನೆರವಾಗಬೇಕು. ಡಿಸೆಂಬರ್ 10, ಬುಧವಾರ ಕಾಲೇಜಿನಲ್ಲಿ ಶಿಬಿರವಿದೆ. ಉಳಿದವನ್ನು ನಿಮ್ಮ ಊರಿನಲ್ಲಿ ಮಾಡಿ. ಈಗ ಅಡಿಕೆ ಕೊಯ್ಲಿನ ಕಾಲ, ಹಗಲು ಮನೆಮನೆ ಅಲೆದರೆ ಯಾರೂ ಸಿಗುವುದಿಲ್ಲ. ಸಂಜೆ ಅಡಿಕೆ ಸುಲಿಯುವ ಚಪ್ಪರಕ್ಕೆ ಹೋಗಿ. ನಾಲ್ಕು ಮನೆಯವರು ಒಂದೇ ಕಡೆ ಕೂತಿರುತ್ತಾರೆ, ಕೈ ಸುಲಿಯುತ್ತಿದ್ದರೂ ಕಿವಿ ಬಿಡುವಾಗಿರುತ್ತದೆ.

ಹೊಸ ಹೆಸರಿಗೆ ನಮೂನೆ 6. ಬೇರೆ ಊರಿಗೆ ವರ್ಗಾವಣೆ, ಹೆಸರು ಅಥವಾ ಜನ್ಮದಿನಾಂಕದ ತಿದ್ದುಪಡಿ, ಕಳೆದ ಗುರುತಿನ ಚೀಟಿಗೆ ಬದಲಿ, ಇವೆಲ್ಲಕ್ಕೂ ನಮೂನೆ 8. ಹೆಸರು ತೆಗೆಸಲು ನಮೂನೆ 7. ಮದುವೆಯಾಗಿ ಕೊಪ್ಪಕ್ಕೋ ಸಾಗರಕ್ಕೋ ಹೋದ ಅಕ್ಕನಿಗೆ ನಮೂನೆ 6 ತುಂಬಿಸುವ ತಪ್ಪು ಬಹಳ ನಡೆಯುತ್ತದೆ. ಆಕೆಯ ಹೆಸರು ತವರಿನ ಪಟ್ಟಿಯಲ್ಲಿ ಈಗಾಗಲೇ ಇದ್ದರೆ ಬೇಕಾದ್ದು ನಮೂನೆ 8. ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಆಗಬಹುದು.

ಅರ್ಜಿಯನ್ನು voters.eci.gov.in ತಾಣದಲ್ಲೋ ಚುನಾವಣಾ ಆಯೋಗದ ಆ್ಯಪ್‌ನಲ್ಲೋ ಹಾಕಬಹುದು. ಇಲ್ಲವೆ ಕಾಗದದಲ್ಲಿ ತುಂಬಿ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಕೈಗೆ ಕೊಡಬಹುದು. ಎರಡೂ ಕಡೆ ಕೊಡಬೇಡಿ. ಎರಡು ಕೊಟ್ಟರೆ ಬೇಗ ಆಗುತ್ತದೆ ಅಂದುಕೊಳ್ಳುತ್ತಾರೆ, ಆಗುವುದು ಗೊಂದಲ. ಬೇಕಾದದ್ದು ಇಷ್ಟು: ಇತ್ತೀಚಿನ ಬಣ್ಣದ ಭಾವಚಿತ್ರ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ, ವಿಳಾಸಕ್ಕೆ ಒಂದು ದಾಖಲೆ, ಮನೆಯಲ್ಲಿ ಈಗಾಗಲೇ ಮತದಾರರಾಗಿರುವ ಒಬ್ಬರ ಎಪಿಕ್ ಸಂಖ್ಯೆ. ಎಪಿಕ್ ಎಂದರೆ ಗುರುತಿನ ಚೀಟಿಯ ಮೇಲಿನ ಮೂರು ಇಂಗ್ಲಿಷ್ ಅಕ್ಷರ ಮತ್ತು ಏಳು ಅಂಕಿ. ಅಪ್ಪನದೋ ಅಮ್ಮನದೋ ಸಂಖ್ಯೆ ಕೊಟ್ಟರೆ ನಿಮ್ಮ ಮನೆ ಮತದಾರರ ಪಟ್ಟಿಯ ಯಾವ ಭಾಗದಲ್ಲಿದೆ ಎಂದು ಹುಡುಕುವ ಕೆಲಸ ಸುಲಭವಾಗುತ್ತದೆ.

ಮಲೆನಾಡಿನಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ವಿಳಾಸದಲ್ಲಿ. ಗುಡ್ಡಕ್ಕೊಂದು ಮನೆ, ಬಾಗಿಲ ಸಂಖ್ಯೆ ಯಾರಿಗೂ ನೆನಪಿರುವುದಿಲ್ಲ. ಅಂಚೆಯ ಊರು ಒಂದು, ಕಂದಾಯ ಗ್ರಾಮ ಇನ್ನೊಂದು, ಜನ ಕರೆಯುವ ಹೆಸರು ಮತ್ತೊಂದು. ಪಟ್ಟಿಯಲ್ಲಿ ನಡೆಯುವುದು ಕಂದಾಯ ಗ್ರಾಮದ ಹೆಸರು. ಹಾಗಾಗಿ ಪಹಣಿ ಅಥವಾ ಮನೆ ಕಂದಾಯದ ರಸೀದಿ ನೋಡಿಯೇ ಬರೆಯಿರಿ, ಮಜರೆಯ ಹೆಸರನ್ನು ಅದರ ಜೊತೆಗೆ ಸೇರಿಸಿ. ಆಗ ಬಿಎಲ್‌ಒ ಪರಿಶೀಲನೆಗೆ ಬಂದಾಗ ಮನೆ ಸಿಗುತ್ತದೆ.

ಎರಡನೇ ತೊಡಕು ಕ್ಷೇತ್ರದ್ದು. ತಾಲ್ಲೂಕಿನ ಹೆಸರೇ ಕ್ಷೇತ್ರದ ಹೆಸರೆಂದು ತಿಳಿಯಬೇಡಿ. ಶಿವಮೊಗ್ಗ ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ಶಿವಮೊಗ್ಗ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಸಾಗರ. ಹೊಸನಗರದ ಹೆಸರು ಇದರಲ್ಲಿಲ್ಲ. 2008ರ ಮರುವಿಂಗಡಣೆಯಲ್ಲಿ ಆ ತಾಲ್ಲೂಕು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋಯಿತು. ಹೊಸನಗರ ಕಡೆಯಿಂದ ಬರುವ ವಿದ್ಯಾರ್ಥಿಗಳು ಅಂದಾಜಿನ ಮೇಲೆ ಕ್ಷೇತ್ರ ಆರಿಸಬಾರದು, ಮನೆಯವರ ಗುರುತಿನ ಚೀಟಿ ನೋಡಿ ಆರಿಸಬೇಕು. ಲೋಕಸಭೆಗೆ ಬಂದರೆ ಈ ಏಳರ ಜೊತೆ ಉಡುಪಿ ಜಿಲ್ಲೆಯ ಬೈಂದೂರು ಕೂಡ ಶಿವಮೊಗ್ಗ ಕ್ಷೇತ್ರಕ್ಕೇ ಸೇರುತ್ತದೆ. ಘಟ್ಟದ ಕೆಳಗಿನವರೂ ನಮ್ಮ ಜೊತೆ ಮತ ಹಾಕುತ್ತಾರೆ ಎಂದರೆ ತರಗತಿಯಲ್ಲಿ ಅರ್ಧ ಜನ ನಂಬುವುದಿಲ್ಲ.

ಮೂರನೆಯದು ಒಟಿಪಿ. ನೆಟ್‌ವರ್ಕ್ ಸಿಗದ ಊರಿನಲ್ಲಿ ಕೂತು ಆನ್‌ಲೈನ್ ಅರ್ಜಿ ಹಾಕಲು ಹೊರಟರೆ ಒಟಿಪಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಅಂಥ ಕಡೆಗೆ ಕಾಗದದ ನಮೂನೆಯನ್ನೇ ಒಯ್ಯಿರಿ. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಯಾವುದಾದರೂ ಒಂದನ್ನು ಆರಿಸಿ, ಅರ್ಜಿಯುದ್ದಕ್ಕೂ ಅದನ್ನೇ ಬರೆಯಿರಿ. ಕನ್ನಡದ ಕಾಲಂ ಅನ್ನು ಕಂಪ್ಯೂಟರ್ ತಾನೇ ತುಂಬುತ್ತದೆ. ಅದು ಎಷ್ಟೋ ಸಲ ಹೆಸರನ್ನು ವಿಕಾರ ಮಾಡುತ್ತದೆ, ಸಲ್ಲಿಸುವ ಮೊದಲು ಓದಿ.

ಹಾಸ್ಟೆಲಿನಲ್ಲಿರುವವರಿಗೆ ಆಯ್ಕೆಯಿದೆ. ಅಪ್ಪ ಅಮ್ಮನ ಊರಿನಲ್ಲಾದರೂ ಹೆಸರು ಸೇರಿಸಬಹುದು, ಹಾಸ್ಟೆಲ್ ಇರುವ ಊರಿನಲ್ಲಾದರೂ ಸೇರಿಸಬಹುದು. ಹಾಸ್ಟೆಲ್ ವಿಳಾಸವಾದರೆ ಕಾಲೇಜಿನ ಮುಖ್ಯಸ್ಥರ ದೃಢೀಕರಣ ಪತ್ರ ಲಗತ್ತಿಸಿ. ಮುಂದಿನ ಎರಡು ಮೂರು ವರ್ಷ ಮತದಾನದ ದಿನ ಎಲ್ಲಿರುತ್ತೀರಿ ಎಂದು ಯೋಚಿಸಿ ನಿರ್ಧರಿಸಿ.

ಅರ್ಜಿ ಹಾಕಿದ ಮೇಲೆ ಬರುವ ಉಲ್ಲೇಖ ಸಂಖ್ಯೆಯನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ, ಫೋಟೊ ತೆಗೆದರೆ ಸಾಲದು. ಆಕ್ಷೇಪಣೆಗೆ ಏಳು ದಿನ ಬಿಟ್ಟು, ಬಿಎಲ್‌ಒ ಪರಿಶೀಲಿಸಿ, ನೋಂದಣಿ ಅಧಿಕಾರಿ ತೀರ್ಮಾನಿಸುತ್ತಾರೆ. ತಿರಸ್ಕೃತವಾದರೆ ಹದಿನೈದು ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗಬಹುದು. ನಿಮ್ಮ 15 ಅರ್ಜಿಗಳಲ್ಲಿ ಎಷ್ಟು ಸ್ವೀಕೃತವಾದವು, ಎಷ್ಟು ತಿರಸ್ಕೃತ, ಏಕೆ ಎಂಬ ಪಟ್ಟಿಗೇ 5 ಅಂಕ. ಎಲ್ಲವೂ ಸ್ವೀಕೃತವಾಗಬೇಕೆಂದಿಲ್ಲ. ಕಾರಣ ನಿಖರವಾಗಿರಬೇಕು. ಅರ್ಜಿದಾರರ ಆಧಾರ್ ಸಂಖ್ಯೆ, ಫೋನ್ ಸಂಖ್ಯೆಗಳನ್ನು ವರದಿಯಲ್ಲಿ ಬರೆಯಬೇಡಿ.

ಚುನಾವಣೆ ಘೋಷಣೆಯಾದ ಮೇಲೆ ಎದ್ದು ಓಡುವವರಿಗೊಂದು ಮಾತು: ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಹೆಸರು ಸೇರುವುದಿಲ್ಲ, ಅದಕ್ಕೂ ಹತ್ತು ದಿನ ಮುಂಚೆ ಅರ್ಜಿ ಕೈಸೇರಿರಬೇಕು.

ಭಾಗ 2: ಅಣಕು ಮತದಾನ (6 ಅಂಕ)

ಸಂತೆಯ ದಿನ ಅಥವಾ ಪಿಯು ಕಾಲೇಜಿನಲ್ಲಿ 30 ಮಂದಿಗೆ ಮಾಡಿ. ತರಬೇತಿಯ ನಿಜವಾದ ಯಂತ್ರ ಬೇಕಿದ್ದರೆ ತಹಶೀಲ್ದಾರ್ ಕಚೇರಿಗೆ ಕಾಲೇಜಿನ ಮೂಲಕ ಪತ್ರ ಬರೆಯಬೇಕು. ಸಿಗದಿದ್ದರೆ ರಟ್ಟಿನ ಪೆಟ್ಟಿಗೆ ಸಾಕು. ಅಭ್ಯರ್ಥಿಗಳಾಗಿ ಕಡುಬು, ಪತ್ರೊಡೆ, ತೊಡೆದೇವು, ಅಕ್ಕಿರೊಟ್ಟಿ, ಕೊನೆಗೆ ನೋಟಾ ಇಡಿ. ಯಾವುದೇ ಪಕ್ಷದ ಚಿಹ್ನೆಯನ್ನು ಹೋಲುವ ವಸ್ತು ಬೇಡ, ಬಣ್ಣದ ಶಾಲೂ ಬೇಡ.

ಮತಗಟ್ಟೆಯ ಕ್ರಮ ಹೀಗೆ. ಮೊದಲ ಅಧಿಕಾರಿ ಗುರುತಿನ ದಾಖಲೆ ನೋಡಿ, ಪಟ್ಟಿಯಲ್ಲಿ ಹೆಸರಿದೆಯೇ ಎಂದು ಗಟ್ಟಿಯಾಗಿ ಓದುತ್ತಾರೆ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿ ಪಡೆದು ಚೀಟಿ ಕೊಡುತ್ತಾರೆ. ಮೂರನೆಯವರು ಚೀಟಿ ತೆಗೆದುಕೊಂಡು ನಿಯಂತ್ರಣ ಯಂತ್ರದ ಗುಂಡಿ ಒತ್ತುತ್ತಾರೆ. ಆಮೇಲೆ ಮತದಾರರು ಮರೆಯೊಳಗೆ ಹೋಗಿ ನೀಲಿ ಗುಂಡಿ ಒತ್ತಬೇಕು. ಕೆಂಪು ದೀಪ ಹೊತ್ತುತ್ತದೆ, ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ಬೀಪ್ ಬರುತ್ತದೆ. ಹೊಸಬರು ಗುಂಡಿ ಒತ್ತಿದ ತಕ್ಷಣ ತಿರುಗಿ ಬರುತ್ತಾರೆ, ಚೀಟಿ ನೋಡುವುದೇ ಇಲ್ಲ. ಅಣಕು ಮತದಾನದಲ್ಲಿ ಏಳರವರೆಗೆ ಎಣಿಸಿ ಬರುವಂತೆ ಅಭ್ಯಾಸ ಮಾಡಿಸಿ.

ಮೂರು ವಿಷಯ ಪ್ರತಿಯೊಬ್ಬರಿಗೂ ಹೇಳಿ. ಮನೆಗೆ ಬರುವ ಮತದಾರರ ಮಾಹಿತಿ ಚೀಟಿ ಗುರುತಿನ ದಾಖಲೆಯಲ್ಲ. ಎಪಿಕ್ ಇಲ್ಲದಿದ್ದರೆ ಆಧಾರ್, ಚಾಲನಾ ಪರವಾನಗಿ, ಪ್ಯಾನ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಮುಂತಾದ ಆಯೋಗ ಒಪ್ಪಿದ ದಾಖಲೆ ನಡೆಯುತ್ತದೆ, ಆದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡೂ ಉಪಯೋಗವಿಲ್ಲ. ನಿಮ್ಮ ಮತವನ್ನು ಬೇರೆ ಯಾರೋ ಹಾಕಿಬಿಟ್ಟಿದ್ದರೆ ಸುಮ್ಮನೆ ಮನೆಗೆ ಬರಬೇಡಿ. ಗುರುತು ಸಾಬೀತಾದರೆ ಟೆಂಡರ್ ಮತಪತ್ರ ಕೊಡಬೇಕು, ಅದನ್ನು ಕೇಳಿ.

ನೋಟಾ ಬಗ್ಗೆ ವಾದ ಎದ್ದೇ ಏಳುತ್ತದೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಆಯ್ಕೆ ಅದು. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಇಷ್ಟು ಹೇಳಿ, ವಾದವನ್ನು ಅವರಿಗೇ ಬಿಡಿ. "ಯಾರಿಗೆ ಹಾಕ್ತೀಯ?" ಎಂದು ಕೇಳುವ ತಂಡದ ಎರಡು ಅಂಕ ಕಡಿತ.

ಭಾಗ 3: ಗ್ರಾಮಸಭೆ (7 ಅಂಕ)

ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳುವುದರಲ್ಲೇ ನಾಗರಿಕತನ ಮುಗಿಯಿತು ಎನ್ನುವವರು ಈ ಜಿಲ್ಲೆಯ ಚರಿತ್ರೆ ಓದಿಲ್ಲ. 1942ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ಈಸೂರಿನವರು, 1951ರಲ್ಲಿ ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದ ಕಾಗೋಡಿನ ಗೇಣಿದಾರರು ಯಾವ ಚುನಾವಣೆಗೂ ಕಾಯಲಿಲ್ಲ.

ತಂಡದ ಒಬ್ಬರ ಪಂಚಾಯಿತಿಯಲ್ಲಿ ವಾರ್ಡ್ ಸಭೆ ಅಥವಾ ಗ್ರಾಮಸಭೆಗೆ ಹೋಗಿ ಒಂದು ಪ್ರಶ್ನೆ ಕೇಳಿ. ಸಭೆಯ ದಿನವನ್ನು ಪಿಡಿಒ ಬಳಿ ಮೊದಲೇ ವಿಚಾರಿಸಿ. ಅವಧಿಯೊಳಗೆ ಸಭೆ ಇಲ್ಲದಿದ್ದರೆ ಹಿಂದಿನ ಸಭೆಯ ನಡವಳಿ ಪುಸ್ತಕ ಓದಿ, ಒಂದು ನಿರ್ಣಯ ಏನಾಯಿತೆಂದು ಹುಡುಕಿ. ಪ್ರಶ್ನೆ ಪಂಚಾಯಿತಿಯ ಕೈಯಲ್ಲಿರುವುದಾಗಿರಲಿ. ಮೊಬೈಲ್ ಟವರ್ ಕೇಳಿದರೆ "ನಮ್ಮದಲ್ಲ" ಎಂಬ ಒಂದೇ ಸಾಲಿನ ಉತ್ತರದಲ್ಲಿ ಮಾತು ಮುಗಿಯುತ್ತದೆ. ಮಳೆಗಾಲದಲ್ಲಿ ಮಕ್ಕಳು ದಾಟುವ ಹಳ್ಳಕ್ಕೆ ಕಾಲುಸಂಕ ಈ ವರ್ಷದ ಕ್ರಿಯಾಯೋಜನೆಯಲ್ಲಿದೆಯೇ, ಮಂಗನ ಕಾಯಿಲೆಯ ಹಂಗಾಮು ಶುರುವಾಗುವ ಮೊದಲು ಕಾಡಿಗೆ ಹೋಗುವ ಮನೆಗಳಿಗೆ ಉಣುಗು ತಡೆಯುವ ಎಣ್ಣೆ ಹಂಚಿಕೆಯಾಯಿತೇ ಎಂದು ಕೇಳಿ. ಎಣ್ಣೆ ಆರೋಗ್ಯ ಇಲಾಖೆಯದು, ಆದರೆ ಆ ಇಲಾಖೆಯ ಸಿಬ್ಬಂದಿ ಸಭೆಯಲ್ಲಿ ಇರಬೇಕಾದವರು. ಪ್ರಶ್ನೆಯನ್ನು ಬರೆದು ಕೊಡಿ, ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದ್ದು ನಡವಳಿಯಲ್ಲಿ ಬರುವುದು ಅಪರೂಪ.

ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಡಿಸೆಂಬರ್ 20ರೊಳಗೆ ಹಾಕದಿದ್ದರೆ ಒಪ್ಪಿಸುವ ದಿನಕ್ಕೆ ಉತ್ತರ ಬಂದಿರುವುದಿಲ್ಲ.

ವರದಿ

ಕೈಬರಹ, 8 ಪುಟ ಮೀರಬಾರದು. ಫ್ಲೆಕ್ಸ್ ಮುಂದೆ ನಿಂತ ಚಿತ್ರ ಅಂಟಿಸಬೇಡಿ. ಲಗತ್ತುಗಳು ಮೂರು: ಅರ್ಜಿಗಳ ಸ್ಥಿತಿಯ ಪಟ್ಟಿ, ಅಣಕು ಮತದಾನದ ಎಣಿಕೆ ಹಾಳೆ, ಮೊಹರು ಬಿದ್ದ ಪ್ರಶ್ನೆಯ ಪ್ರತಿ. ಎಣಿಕೆ ಹಾಳೆಯಲ್ಲಿ ರಿಜಿಸ್ಟರಿನ ಸಹಿಗಳೂ ಪೆಟ್ಟಿಗೆಯ ಮತಗಳೂ ಹೊಂದದಿದ್ದರೆ ಸರಿ ಮಾಡಿ ಬರೆಯಬೇಡಿ, ವ್ಯತ್ಯಾಸವನ್ನು ಹಾಗೆಯೇ ತೋರಿಸಿ, ಎಲ್ಲಿ ತಪ್ಪಿತೆಂದು ಎರಡು ಸಾಲು ಬರೆಯಿರಿ. ಜನವರಿ 27ರಂದು ಪ್ರತಿ ತಂಡಕ್ಕೆ ಹತ್ತು ನಿಮಿಷದ ಮೌಖಿಕ ಪ್ರಶ್ನೋತ್ತರ ಇರುತ್ತದೆ. ಐವರಲ್ಲಿ ಯಾರನ್ನಾದರೂ ಕೇಳುತ್ತೇವೆ. ಬರುವಾಗ ಮತದಾರರ ಪಟ್ಟಿಯಲ್ಲಿನ ನಿಮ್ಮ ಸ್ವಂತ ಭಾಗ ಸಂಖ್ಯೆ ಮತ್ತು ಕ್ರಮಸಂಖ್ಯೆ ಬಾಯಿಪಾಠವಾಗಿರಲಿ. ಹೆಸರು ಇನ್ನೂ ಪಟ್ಟಿಗೆ ಸೇರದವರು ಅರ್ಜಿಯ ಉಲ್ಲೇಖ ಸಂಖ್ಯೆ ತನ್ನಿ.