ರಾಜೀನಾಮೆ ಪತ್ರ: ವರ್ಷದ ನಡುವೆ ಬಿಟ್ಟುಹೋಗುವ ಗಣಿತ ಶಿಕ್ಷಕಿಯಿಂದ

ಇವರಿಗೆ,
ಮುಖ್ಯ ಶಿಕ್ಷಕರು

ಇವರಿಂದ,
ಗಣಿತ ಶಿಕ್ಷಕಿ, 9 ಮತ್ತು 10ನೇ ತರಗತಿ

ದಿನಾಂಕ: ನವೆಂಬರ್ 18

ವಿಷಯ: ಹುದ್ದೆಗೆ ರಾಜೀನಾಮೆ ಮತ್ತು ಪಾಠಗಳನ್ನು ವಹಿಸಿಕೊಡುವ ಬಗ್ಗೆ

ಮಾನ್ಯರೇ,

ನಾನು ಗಣಿತ ಶಿಕ್ಷಕಿಯ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ. ನೇಮಕಾತಿ ಪತ್ರದಲ್ಲಿ ಹೇಳಿರುವ ಒಂದು ತಿಂಗಳ ನೋಟಿಸ್ ಮುಗಿಸಿ, ಡಿಸೆಂಬರ್ 20ರಂದು ಕೆಲಸದಿಂದ ಬಿಡುಗಡೆ ಹೊಂದಲು ಅನುಮತಿ ಕೋರುತ್ತೇನೆ.

ಕಳೆದ ತಿಂಗಳು ಅಮ್ಮನಿಗೆ ಪಾರ್ಶ್ವವಾಯು ಆಯಿತು. ಬಲಗೈ, ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಅವರನ್ನು ನೋಡಿಕೊಳ್ಳಲು ಇರುವವಳು ನಾನೊಬ್ಬಳೇ. ವಾರ್ಷಿಕ ಪರೀಕ್ಷೆಯವರೆಗೆ ಹೇಗಾದರೂ ನಿಭಾಯಿಸೋಣ ಅಂತ ಮೂರು ವಾರ ಪ್ರಯತ್ನಪಟ್ಟೆ. ಆಗಲಿಲ್ಲ. ಆ ಮೂರು ವಾರದಲ್ಲಿ ಹತ್ತನೇ ತರಗತಿಗೆ ನನ್ನಿಂದ ಏಳು ಪೀರಿಯಡ್ ತಪ್ಪಿದೆ. ಮಾರ್ಚ್‌ವರೆಗೂ ಹೀಗೆ ರಜೆ ಹಾಕುತ್ತಾ ಹೋದರೆ ನಷ್ಟ ಮಕ್ಕಳಿಗೇ ಅಲ್ವಾ? ಈಗಲೇ ಬಿಟ್ಟರೆ, ಬರುವವರಿಗೆ ಪರೀಕ್ಷೆಗೆ ಮೊದಲು ಮೂರು ತಿಂಗಳಾದರೂ ಸಿಗುತ್ತದೆ. ಈ ಲೆಕ್ಕ ಹಾಕಿಯೇ ನಿರ್ಧಾರ ಮಾಡಿದ್ದೇನೆ.

ಹತ್ತನೇ ತರಗತಿಯಲ್ಲಿ ಸಮಾಂತರ ಶ್ರೇಢಿ, ತ್ರಿಭುಜಗಳು, ವರ್ಗ ಸಮೀಕರಣ, ನಿರ್ದೇಶಾಂಕ ರೇಖಾಗಣಿತ ಮುಗಿದಿವೆ. ತ್ರಿಕೋನಮಿತಿ ನಡೆಯುತ್ತಿದೆ. ಹೋಗುವುದರೊಳಗೆ ಅದನ್ನೂ, ವೃತ್ತಗಳನ್ನೂ ಮುಗಿಸುತ್ತೇನೆ. ಸಂಖ್ಯಾಶಾಸ್ತ್ರ, ಸಂಭವನೀಯತೆ, ಘನಾಕೃತಿಗಳ ವಿಸ್ತೀರ್ಣ ಮತ್ತು ಘನಫಲ ಹೊಸಬರ ಪಾಲಿಗೆ ಉಳಿಯುತ್ತವೆ. ಒಂಬತ್ತನೇ ತರಗತಿ ಪಾಠಪಟ್ಟಿಯ ಪ್ರಕಾರವೇ ಸಾಗುತ್ತಿದೆ, ಅಲ್ಲಿ ಚಿಂತೆ ಇಲ್ಲ.

ಆದರೆ ‘ಮುಗಿದಿದೆ’ ಎಂದು ಪಾಠಪಟ್ಟಿಯಲ್ಲಿ ಗುರುತು ಹಾಕಿದ್ದೆಲ್ಲ ಮಕ್ಕಳಿಗೆ ಬಂದಿದೆ ಅಂತ ಅಲ್ಲ. ವರ್ಗ ಸಮೀಕರಣದ ಸೂತ್ರ ಎಲ್ಲರಿಗೂ ಬಾಯಿಗೆ ಬರುತ್ತದೆ. x² − 5x + 6 = 0 ಕೊಟ್ಟರೆ ಮಾತ್ರ ಅರ್ಧ ತರಗತಿ −b ಬದಲಿಗೆ −5 ಎಂದೇ ಬರೆಯುತ್ತದೆ. b ಆಗಲೇ −5 ಆಗಿರುವುದರಿಂದ −b ಎಂದರೆ +5 ಎನ್ನುವುದು ಅವಸರದಲ್ಲಿ ಮರೆತುಹೋಗುತ್ತದೆ. ಎತ್ತರ ಮತ್ತು ದೂರದ ಲೆಕ್ಕದಲ್ಲಿ ಅವನತ ಕೋನವನ್ನು ಅಡ್ಡಗೆರೆಯಿಂದ ಅಳೆಯುವ ಬದಲು ಕಂಬದಿಂದ ಅಳೆಯುತ್ತಾರೆ. ಚಿತ್ರ ತಪ್ಪಿದರೆ ಮುಂದಿನದೆಲ್ಲ ತಪ್ಪು. ಇಂಥ ತಪ್ಪುಗಳನ್ನು ಪಾಠವಾರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಬರುವವರಿಗೆ ಪಾಠ ಟಿಪ್ಪಣಿಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ಎರಡೂ ವಿಭಾಗಗಳ 74 ಮಕ್ಕಳಲ್ಲಿ 11 ಮಂದಿಗೆ ವಿಶೇಷ ಗಮನ ಬೇಕು. ಅವರ ಪಟ್ಟಿಯನ್ನು ಬೇರೆಯಾಗಿ ನಿಮ್ಮ ಕೈಗೇ ಕೊಡುತ್ತೇನೆ. ಅವರೆಲ್ಲ ದಡ್ಡರಲ್ಲ ಸರ್. ಒಬ್ಬ ಹುಡುಗಿ ಲೆಕ್ಕವನ್ನೆಲ್ಲ ಮನಸ್ಸಿನಲ್ಲೇ ಮಾಡಿ ಉತ್ತರ ಮಾತ್ರ ಬರೆಯುತ್ತಾಳೆ, ಹಂತಗಳ ಅಂಕ ಹೋಗುತ್ತದೆ. ಇಬ್ಬರಿಗೆ ಕಪ್ಪುಹಲಗೆ ಸರಿಯಾಗಿ ಕಾಣುವುದಿಲ್ಲ, ಹೇಳಲು ನಾಚಿಕೆ. ಅವರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದೇನೆ. ದಯವಿಟ್ಟು ಅಲ್ಲಿಂದ ಎಬ್ಬಿಸುವುದು ಬೇಡ. ಒಬ್ಬನಿಗೆ ಭಾಗಾಕಾರವೇ ಗಟ್ಟಿಯಿಲ್ಲ. ಅವನಿಗೆ ಬೆಳಿಗ್ಗೆ ತರಗತಿಗೆ ಮೊದಲು ಇಪ್ಪತ್ತು ನಿಮಿಷ ಹೇಳಿಕೊಡುತ್ತಿದ್ದೆ. ಅದು ನಿಲ್ಲಬಾರದು ಎನ್ನುವುದೇ ನನ್ನ ದೊಡ್ಡ ಕೋರಿಕೆ.

ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಮತ್ತು ಮಾದರಿ ಉತ್ತರಗಳನ್ನು ಡಿಸೆಂಬರ್ 10ರೊಳಗೆ ಮುಚ್ಚಿದ ಲಕೋಟೆಯಲ್ಲಿ ಕೊಡುತ್ತೇನೆ. ಅಂಕವಹಿ, ಹಾಜರಿ ಪುಸ್ತಕ, ಆಂತರಿಕ ಅಂಕಗಳು, ಬೀರುವಿನ ಕೀಲಿ, ಗ್ರಂಥಾಲಯದಿಂದ ಪಡೆದ ನಾಲ್ಕು ಪುಸ್ತಕಗಳನ್ನು ಕೊನೆಯ ವಾರ ಸಹಿ ಹಾಕಿಸಿಕೊಂಡು ಒಪ್ಪಿಸುತ್ತೇನೆ. ತಿದ್ದದ ಒಂದು ಉತ್ತರ ಪತ್ರಿಕೆಯನ್ನೂ ಬಿಟ್ಟುಹೋಗುವುದಿಲ್ಲ.

ಹೊಸ ಶಿಕ್ಷಕರು ಬೇಗ ಸಿಕ್ಕರೆ, ಒಂದು ವಾರ ಇಬ್ಬರೂ ಒಟ್ಟಿಗೆ ತರಗತಿಗೆ ಹೋಗುತ್ತೇವೆ. ಮೊದಲೆರಡು ದಿನ ನಾನು ಪಾಠ ಮಾಡುತ್ತೇನೆ, ಆಮೇಲೆ ಅವರು ಮಾಡಲಿ, ನಾನು ಹಿಂದೆ ಕೂರುತ್ತೇನೆ. ಸಿಗುವುದು ತಡವಾದರೆ ಗಣಿತದ ಪೀರಿಯಡ್ ಖಾಲಿ ಬಿಡಬೇಡಿ. ವಿಜ್ಞಾನದ ಮೇಡಂ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಲು ಒಪ್ಪಿದ್ದಾರೆ, ನಿಮ್ಮ ಒಪ್ಪಿಗೆ ಬೇಕು ಅಷ್ಟೇ. ಪರೀಕ್ಷೆ ಮುಗಿಯುವವರೆಗೆ ಭಾನುವಾರ ಸಂಜೆ 6ರಿಂದ 7ರವರೆಗೆ ಮಕ್ಕಳ ಸಂದೇಹಗಳಿಗೆ ಫೋನಿನಲ್ಲಿ ಸಿಗುತ್ತೇನೆ. ಇದಕ್ಕೆ ಸಂಬಳದ ಮಾತೇ ಬೇಡ. ಅಮ್ಮ ಆ ಹೊತ್ತಿಗೆ ಮಲಗಿರುತ್ತಾರೆ.

ಆರು ವರ್ಷ ಈ ಶಾಲೆಯಲ್ಲಿ ನೆಮ್ಮದಿಯಿಂದ ಕೆಲಸ ಮಾಡಿದ್ದೇನೆ. ಆಸ್ಪತ್ರೆಯ ದಿನಗಳಲ್ಲಿ ನನ್ನ ತರಗತಿಗಳನ್ನು ನೋಡಿಕೊಂಡ ಸಹೋದ್ಯೋಗಿಗಳ ಋಣ ನನ್ನ ಮೇಲಿದೆ.

ಸೇವಾ ಪ್ರಮಾಣಪತ್ರ ಮತ್ತು ಬಿಡುಗಡೆ ಪತ್ರವನ್ನು ಕೊನೆಯ ದಿನ ಕೊಡಿಸಬೇಕೆಂದು ಕೋರುತ್ತೇನೆ. ಇನ್ನೊಂದು ಮಾತು. ಮಕ್ಕಳಿಗೆ ಈ ವಿಷಯ ಬೇರೆ ಯಾರಿಂದಲೋ ತಿಳಿಯುವುದು ಬೇಡ. ನೀವು ಒಪ್ಪಿದರೆ ಸೋಮವಾರ ಮೊದಲ ಪೀರಿಯಡ್‌ನಲ್ಲಿ ನಾನೇ ಹೇಳುತ್ತೇನೆ. ಆ ಹೊತ್ತು ನೀವೂ ತರಗತಿಗೆ ಬಂದರೆ ಅವರಿಗೆ ಧೈರ್ಯ ಬರುತ್ತದೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಗಣಿತ ಶಿಕ್ಷಕಿ