ಳ ಪಾಠ

ನಳಿನಿಯ ತಂದೆ ಬಂಗಾಳಿ, ತಾಯಿ ಕನ್ನಡತಿ. ಐದು ವರ್ಷದ ಅವಳಿಗೆ ಒಂದು ಮಧ್ಯಾಹ್ನ ಥಟ್ಟನೆ ಹೊಳೆಯಿತು: ಅಪ್ಪನ ಅಮ್ಮ ಠಾಕುಮಾ ತನ್ನನ್ನು ಕರೆಯುವುದು ‘ನೊಲಿನಿ’ ಎಂದು!

“ಠಾಕುಮಾ, ನಾಲಗೆ ಹಿಂದಕ್ಕೆ ಮಡಚು. ಳ!”

“ಲ.”

“ಮೇಲೆ ತಾಗಿಸು. ಳ!”

“ಡ.”

ನಳಿನಿ ಅಜ್ಜಿಯ ಬಾಯಿಗೆ ಬೆರಳು ಹಾಕಿ ನಾಲಗೆಯನ್ನೇ ಮಡಚಲು ಹೊರಟಳು. ಅಮ್ಮ ಓಡಿಬಂದು ಬಿಡಿಸಿದಳು.

“ನಿನ್ನ ಅಮ್ಮ ‘ಚಾಂದ್’ ಹೇಳಲಿ, ನೋಡೋಣ,” ಎಂದರು ಠಾಕುಮಾ.

ಅಮ್ಮ ಹೇಳಿದಳು. ನಡುವೆ ‘ನ್’ ಗಟ್ಟಿಯಾಗಿ ಕೇಳಿಸಿತು. ನಳಿನಿ ಮುಖ ಕಿವುಚಿದಳು. ‘ಆ’ಕಾರವೇ ಮೂಗಿನಲ್ಲಿ ಹೊರಡಬೇಕು, ‘ನ್’ ಸುಳಿಯಲೇಬಾರದು. ದೊಡ್ಡವರಿಗೆ ಇಷ್ಟೂ ಕೇಳಿಸುವುದಿಲ್ಲವೇ?

“ಇಬ್ಬರೂ ಸಾಲಾಗಿ ಕುಳಿತುಕೊಳ್ಳಿ,” ಎಂದಳು. “ಮೊದಲು ಅಮ್ಮ. ನಗಬಾರದು.”