ಶ್ರುತಿಯ ಉದ್ದೇಶ ಪತ್ರದ ಕರಡು ಓದಿದ ಮೇಲೆ

ಪ್ರೀತಿಯ ಶ್ರುತಿ,

ಸ್ನಾತಕೋತ್ತರ ಕೋರ್ಸಿನ ಅರ್ಜಿಗೆ ನೀನು ಬರೆದ ಕರಡನ್ನು ನಿನ್ನೆ ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ ಓದಿದೆ. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮೊದಲ ಪುಟದಲ್ಲಿ ನೀನು ಇಲ್ಲ. ಮೂರನೆಯ ಪುಟದ ನಡುವಿನಲ್ಲಿ, ‘ಹವ್ಯಾಸಗಳು’ ಎನ್ನುವ ಭಾಗದಲ್ಲಿ, ಬಾಯಾರಿನ ನಿಮ್ಮ ಮನೆಗೆ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ಬಕೆಟ್ಟು ಹಿಡಿದು ಅಳೆದೆ ಎಂಬ ಒಂದು ಸಾಲು ಇದೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತದ್ದು ಅಲ್ಲಿ. ಅದು ಹವ್ಯಾಸವಲ್ಲ ಮಾರಾಯ್ತಿ, ನಿನ್ನ ಅರ್ಜಿಯೇ ಅದು.

ನಿನ್ನ ಟಿಪ್ಪಣಿ ಪುಸ್ತಕದ ಫೋಟೋವನ್ನೂ ನೋಡಿದೆ. ಹತ್ತು ಲೀಟರಿನ ಬಕೆಟ್ಟು ತುಂಬಲು ಡಿಸೆಂಬರಿನಲ್ಲಿ 40 ಸೆಕೆಂಡು, ಏಪ್ರಿಲಿನಲ್ಲಿ 130 ಸೆಕೆಂಡು. ಅಂದರೆ ನಿಮಿಷಕ್ಕೆ 15 ಲೀಟರ್ ಇದ್ದದ್ದು ಸುಮಾರು 4.6ಕ್ಕೆ ಇಳಿದಿದೆ. ಪಕ್ಕದ ತೋಟದಲ್ಲಿ ಕೊಳವೆಬಾವಿ ಕೊರೆದದ್ದೂ ಅದೇ ವರ್ಷ. ಪತ್ರ ಇಲ್ಲಿಂದ ಶುರುವಾಗಲಿ. ಆದರೆ ಕರಡಿನಲ್ಲಿರುವಂತೆ ‘ಕೊಳವೆಬಾವಿಯಿಂದ ಸುರಂಗ ಬತ್ತುತ್ತಿದೆ’ ಎಂದು ತೀರ್ಪು ಕೊಡಬೇಡ. ಒಂದೇ ಬೇಸಗೆಯ ಲೆಕ್ಕದಿಂದ ಅದನ್ನು ಹೇಳಲು ಬರುವುದಿಲ್ಲ. ಏಪ್ರಿಲಿನಲ್ಲಿ ನೀರು ಇಳಿಯುವುದು ಹೇಗೂ ಇದ್ದದ್ದೇ. ಮಳೆಯ ಪಾಲೆಷ್ಟು, ಪಂಪಿನ ಪಾಲೆಷ್ಟು ಎಂದು ಬೇರ್ಪಡಿಸಲು ನಿನಗೆ ಗೊತ್ತಿಲ್ಲ, ಅದನ್ನು ಕಲಿಯಲೆಂದೇ ಹೊರಟಿದ್ದೀಯೆ. ಹಾಗೆಂದೇ ಬರೆ.

ಈಗ ಕೋರ್ಸಿನ ವಿಚಾರ. ಲಿಸ್ಬನ್, ಡೆಲ್ಫ್ಟ್, ಡ್ರೆಸ್ಡೆನ್‌ಗಳು ಸೇರಿ ನಡೆಸುವ ಈ ಸ್ನಾತಕೋತ್ತರ ಪದವಿಯ ಹೆಸರಿನಲ್ಲೇ ಅಂತರ್ಜಲವೂ ಜಾಗತಿಕ ಬದಲಾವಣೆಯೂ ಇವೆ. ನಿನ್ನ ಪ್ರಶ್ನೆಯೂ ಅದೇ. ನೀನು ಬರೆದಿರುವುದು ಮಾತ್ರ ‘ಮೂರು ದೇಶಗಳ ಸಂಸ್ಕೃತಿಯನ್ನು ಅನುಭವಿಸುವ ಅವಕಾಶ’, ‘ವಿಶ್ವಪ್ರಸಿದ್ಧ ಪ್ರಾಧ್ಯಾಪಕರು’. ಯಾವ ಪ್ರಾಧ್ಯಾಪಕರು? ಅವರ ಯಾವ ಲೇಖನ ಓದಿದ್ದೀಯೆ? ಈ ಪ್ಯಾರಾವನ್ನು ಊರಿನ ಹೆಸರು ಬದಲಿಸಿ ಯಾವ ವಿಶ್ವವಿದ್ಯಾಲಯಕ್ಕಾದರೂ ಕಳುಹಿಸಬಹುದು. ಅದೇ ಅದರ ದೋಷ. ಪಠ್ಯಕ್ರಮ ತೆರೆದಿಟ್ಟುಕೊಂಡು, ನಿನ್ನ ಬಕೆಟ್ಟಿನ ಲೆಕ್ಕ ನಿಂತುಹೋದ ಜಾಗದಿಂದ ಮುಂದೆ ಒಯ್ಯುವ ಎರಡು ವಿಷಯಗಳನ್ನು ಹೆಸರಿಸು. ಒಂದು ಲೇಖನವನ್ನಾದರೂ ಪೂರ್ತಿ ಓದಿ, ಅದರಲ್ಲಿ ನಿನಗೆ ಒಪ್ಪಿಗೆಯಾಗದ್ದು ಇದ್ದರೆ ಅದನ್ನೂ ಹೇಳು.

ಎರಡು ಕಡೆ ವಿಷಯವೇ ಹಳಿ ತಪ್ಪಿದೆ. ಸುರಂಗ ವಿದ್ಯೆ ಪರ್ಷಿಯಾದಿಂದ ಬಂದದ್ದು ಸಾಬೀತಾಗಿದೆ ಎಂದಿದ್ದೀಯೆ. ಅದು ಊಹೆ. ಇರಾನಿನ ಕನಾತ್ ಎಂಬ ನೀರಿನ ಸುರಂಗಕ್ಕೆ ಮೇಲಿನಿಂದ ಸಾಲುಸಾಲು ಬಾವಿಗಳಿರುತ್ತವೆ, ನಮ್ಮ ಮುರಕಲ್ಲು ಗುಡ್ಡದ ಹೆಚ್ಚಿನ ಸುರಂಗಗಳಿಗೆ ಅದಿಲ್ಲ. ಆ ವ್ಯತ್ಯಾಸವೇ ಹೆಚ್ಚು ಸ್ವಾರಸ್ಯ. ಇನ್ನೊಂದು, ಕೇರಳದಲ್ಲಿ ಧಾರಾಳ ನೀರಿದೆ ಎಂದು ಆರಂಭಿಸಿ, ಮುಂದಿನ ವಾಕ್ಯದಲ್ಲೇ ಊರಿನಲ್ಲಿ ನೀರಿಲ್ಲ ಎಂದಿದ್ದೀಯೆ. ಯುರೋಪಿನಲ್ಲಿ ಕುಳಿತು ಓದುವವರಿಗೆ ಇದು ಒಗಟು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಇಳಿಜಾರಿನಲ್ಲಿ ಬಿದ್ದದ್ದು ಬೇಗನೆ ಸಮುದ್ರ ಸೇರುತ್ತದೆ. ಎರಡು ಸಾಲು ಸಾಕು.

ನಿನ್ನ ದನಿಯ ಬಗ್ಗೆ. ಮೊದಲ ವಾಕ್ಯವನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿ ನೋಡು: ‘ಬಾಲ್ಯದಿಂದಲೂ ಜಲವಿಜ್ಞಾನದ ಕುರಿತು ನನಗೆ ಅದಮ್ಯ ಒಲವಿತ್ತು.’ ಅಮ್ಮ ನಗದಿದ್ದರೆ ಉಳಿಸಿಕೋ. ಕೊಡ ಹೊರುವುದು ತಪ್ಪಿಸಲು ನೀನು ಶಾಲೆಯಿಂದ ತಡವಾಗಿ ಬರುತ್ತಿದ್ದುದು ನನಗೆ ಗೊತ್ತಿಲ್ಲವೇ! ಹಾಗೆಂದು ಅಜ್ಜನ ಕತೆಯನ್ನು ಕಣ್ಣೀರಿಟ್ಟು ಬರೆಯುವುದೂ ಬೇಡ. ಅವರು ಪಿಕಾಸು ಹಿಡಿದು ಸುರಂಗ ಕೊರೆದರು, ಮಣ್ಣಿನ ತಂಪು ನೋಡಿ ದಿಕ್ಕು ಬದಲಿಸುತ್ತಿದ್ದರು ಎಂಬ ನಿನ್ನ ಎರಡು ವಾಕ್ಯ ಚೆನ್ನಾಗಿವೆ. ಮೂರನೆಯದು, ‘ಅವರ ಕನಸು ನನ್ನ ರಕ್ತದಲ್ಲಿ ಹರಿಯುತ್ತಿದೆ’ ಎಂಬುದು, ಹೋಗಲಿ.

ಗಣಿತದಲ್ಲಿ ಅನುತ್ತೀರ್ಣಳಾದದ್ದಕ್ಕೆ ಒಂದು ಇಡೀ ಪ್ಯಾರಾದ ಸಮಜಾಯಿಷಿ ಏಕೆ? ಮೂರನೆಯ ಸೆಮಿಸ್ಟರಿನಲ್ಲಿ ಹೋಯಿತು, ಮುಂದಿನ ಸಲ 71 ಬಂತು ಎಂದರೆ ಆಯಿತು. ಎನ್‌ಎಸ್‌ಎಸ್ ಶಿಬಿರ, ಭಾಷಣ ಸ್ಪರ್ಧೆಗಳು ಸ್ವವಿವರದಲ್ಲಿ ಹೇಗೂ ಇವೆ, ಇಲ್ಲಿ ಬೇಡ. ಈಗ 1,140 ಪದ ಇದೆ, ಇಷ್ಟು ತೆಗೆದರೆ 800ರ ಹತ್ತಿರ ಬರುತ್ತದೆ.

ಮತ್ತೆ, ಸುರಂಗ ಎಂಬುದನ್ನು ಇಂಗ್ಲಿಷಿನಲ್ಲಿ ಮೂರು ಕಡೆ ಮೂರು ರೀತಿ ಬರೆದಿದ್ದೀಯೆ. ಮನೆಯಲ್ಲಿ ಹೇಳುವ ಹಾಗೆಯೇ ಎಲ್ಲ ಕಡೆ ಇಡು, ಮೊದಲ ಸಲ ಬಂದಾಗ ಅರ್ಥ ಹೇಳು. ತಿದ್ದಿದ ಪ್ರತಿಯನ್ನು ಶುಕ್ರವಾರ ಸಂಜೆಯೊಳಗೆ ಕಳುಹಿಸು. ಶನಿವಾರ ಕುಂಬಳೆಯಲ್ಲಿ ಮದುವೆಯಿದೆ, ನಾನು ಸಿಗುವುದಿಲ್ಲ.

ನಿನ್ನ,
ಸುಧಾ ಟೀಚರ್